ಹನ್ನೆರಡು ಸ್ಲೈಡ್ ಐದಾದ ಬಗೆ: ಎಐ ಕೊಟ್ಟ ಪಿಪಿಟಿಯನ್ನು ತಿದ್ದುವುದು ಹೇಗೆ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ 48 ಮನೆಗಳಿವೆ. ಮಳೆನೀರು ಕೊಯ್ಲಿಗೆ ದುಡ್ಡು ಹಾಕಬೇಕಾ ಬೇಡವಾ ಅನ್ನುವುದು ವಾರ್ಷಿಕ ಸಭೆಯಲ್ಲಿ ತೀರ್ಮಾನ ಆಗಬೇಕಿತ್ತು. ಪಿಪಿಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಟೈಮ್ ಕಡಿಮೆ ಇತ್ತು, ಹಾಗಾಗಿ ಒಂದು ಎಐ ಟೂಲ್‌ನಿಂದ ಕರಡು ತೆಗೆದೆ. ಒಂದೆರಡು ನಿಮಿಷದಲ್ಲಿ 12 ಸ್ಲೈಡ್ ಬಂತು. ಬಣ್ಣ, ಚಿತ್ರ, ಅಂಚು ಎಲ್ಲ ಅಚ್ಚುಕಟ್ಟು. ಅದರ ಮೂರನೇ ಸ್ಲೈಡ್ ಹೀಗಿತ್ತು:

ಮಳೆನೀರು ಕೊಯ್ಲಿನ ಪ್ರಯೋಜನಗಳು
– ನೀರಿನ ಕೊರತೆಯನ್ನು ನಿವಾರಿಸುತ್ತದೆ
– ವೆಚ್ಚವನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ
– ಪರಿಸರ ಸಂರಕ್ಷಣೆಗೆ ಪೂರಕವಾಗಿದೆ
– ಸಮುದಾಯದಲ್ಲಿ ಒಗ್ಗಟ್ಟನ್ನು ಬೆಳೆಸುತ್ತದೆ

ಓದಿದರೆ ತಪ್ಪೇನೂ ಕಾಣುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ತಪ್ಪಾಗಲು ಅದರಲ್ಲಿ ಏನೂ ಇಲ್ಲ. ಎಷ್ಟು ನೀರು, ಯಾವ ತಿಂಗಳು, ಯಾರ ದುಡ್ಡು, ಎಷ್ಟು ದುಡ್ಡು, ಯಾವುದೂ ಇಲ್ಲ. ಇಂಥ ಸ್ಲೈಡ್ ಮುಂದಿಟ್ಟರೆ ಸಭೆಯಲ್ಲಿ ಎಲ್ಲರೂ ತಲೆ ಆಡಿಸುತ್ತಾರೆ, ಆಮೇಲೆ "ಮನೆಗೆ ಎಷ್ಟು ಬೀಳುತ್ತೆ?" ಅಂತ ಕೇಳುತ್ತಾರೆ. ಅದಕ್ಕೆ 12 ಸ್ಲೈಡ್‌ಗಳಲ್ಲಿ ಎಲ್ಲೂ ಉತ್ತರ ಇರಲಿಲ್ಲ.

ತಿದ್ದಲು ನನಗೆ ಒಂದು ಶನಿವಾರ, ಒಂದು ಭಾನುವಾರ ಹಿಡಿಯಿತು. ವಾಕ್ಯ ಚಂದ ಮಾಡುವುದಕ್ಕೆ ಹೋದ ಸಮಯ ತೀರಾ ಕಡಿಮೆ. ಹೆಚ್ಚು ಸಮಯ ಹೋಗಿದ್ದು ತಾರಸಿ ಮೇಲೆ ಮತ್ತು ಬಿಲ್ ಫೈಲ್ ಮುಂದೆ.

ಮೊದಲು ಹೊಡೆದು ಹಾಕುವುದು

ಸ್ಲೈಡ್ ಮೇಲೆಯೇ ತಿದ್ದಲು ಕೂತರೆ ಡಿಸೈನ್ ಕಣ್ಣು ಕಟ್ಟುತ್ತದೆ. ಪಕ್ಕದಲ್ಲಿ ಹಸಿರು ಎಲೆಯ ಚಿತ್ರ ಇದ್ದಾಗ ಟೊಳ್ಳು ಮಾತೂ ತುಂಬಿದ ಹಾಗೆ ಕಾಣುತ್ತದೆ. ಅದಕ್ಕೆ ಬರೀ ಪಠ್ಯವನ್ನು ಕಾಪಿ ಮಾಡಿ, ಖಾಲಿ ಫೈಲ್‌ಗೆ ಹಾಕಿ, ಪ್ರಿಂಟ್ ತೆಗೆದೆ. ಎರಡು ಹಾಳೆ ಆಯಿತು. ಪೆನ್ನು ಹಿಡಿದು ಪ್ರತಿ ಸಾಲಿಗೂ ಎರಡು ಪರೀಕ್ಷೆ ಮಾಡಿದೆ.

ಒಂದು, ವಿಷಯ ಬದಲಿಸಿ ನೋಡುವುದು. "ಮಳೆನೀರು ಕೊಯ್ಲು" ಇರುವ ಕಡೆ "ಸೋಲಾರ್" ಅಂತ ಹಾಕಿ ಓದಿ. "ಸೋಲಾರ್ ವೆಚ್ಚವನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ, ಪರಿಸರ ಸಂರಕ್ಷಣೆಗೆ ಪೂರಕವಾಗಿದೆ, ಸಮುದಾಯದಲ್ಲಿ ಒಗ್ಗಟ್ಟನ್ನು ಬೆಳೆಸುತ್ತದೆ." ಸರಿಯಾಗಿಯೇ ಕೂರುತ್ತದೆ, ಅಲ್ವಾ? ಕಸ ವಿಂಗಡಣೆ ಅಂತ ಹಾಕಿದರೂ ಕೂರುತ್ತದೆ. ಅಂದರೆ ಆ ಸಾಲು ನಮ್ಮ ವಿಷಯದ ಬಗ್ಗೆ ಏನೂ ಹೇಳುತ್ತಿಲ್ಲ.

ಇನ್ನೊಂದು, ಸಾಲನ್ನು ತಿರುಗಿಸಿ ಹಾಕುವುದು. "ನೀರು ಅಮೂಲ್ಯ ಸಂಪನ್ಮೂಲ" ಅನ್ನುವುದಕ್ಕೆ ಎದುರು ಮಾತು "ನೀರಿಗೆ ಬೆಲೆಯೇ ಇಲ್ಲ". ನಮ್ಮ 48 ಮನೆಗಳಲ್ಲಿ ಹಾಗನ್ನುವವರು ಯಾರಿದ್ದಾರೆ? ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದು ನಿಂತವರು ಎಲ್ಲರೂ. ಯಾರೂ ವಾದಿಸದ ಮಾತಿಗೆ ಒಂದು ಸ್ಲೈಡ್ ಖರ್ಚು ಮಾಡುವುದು ಬೇಡ.

ಈ ಎರಡು ಪರೀಕ್ಷೆ ಆದ ಮೇಲೆ ಎರಡು ಹಾಳೆಯಲ್ಲಿ ಉಳಿದಿದ್ದು ಒಂಬತ್ತು ಸಾಲು. ಅವನ್ನೂ ನಂಬಿ ಹಾಗೇ ಬಿಡುವಂತಿರಲಿಲ್ಲ. ಆದರೆ ಅವುಗಳಲ್ಲಿ ಹಿಡಿದುಕೊಳ್ಳಲು ಏನೋ ಒಂದು ಇತ್ತು. ಉದಾಹರಣೆಗೆ "ಫಿಲ್ಟರ್ ನಿರ್ವಹಣೆ" ಅನ್ನುವ ತಲೆಬರಹ. ಅದರ ಕೆಳಗೆ ಬರೆದಿದ್ದೆಲ್ಲ ಜೊಳ್ಳು, ಆದರೆ ತಲೆಬರಹ ನನಗೆ ಹೊಳೆದಿರಲಿಲ್ಲ. ಫಿಲ್ಟರ್ ತೊಳೆಯುವವರು ಯಾರು ಅಂತ ನಮ್ಮ ಕಮಿಟಿಯಲ್ಲಿ ಯಾರೂ ಯೋಚಿಸಿರಲಿಲ್ಲ. ಕರಡಿನಿಂದ ಸಿಗುವ ನಿಜವಾದ ಲಾಭ ಇದು: ಮರೆತಿದ್ದ ಬಾಬತ್ತನ್ನು ನೆನಪಿಸುತ್ತದೆ. ಆ ಬಾಬತ್ತಿನಲ್ಲಿ ಏನು ಬರೆಯಬೇಕು ಅನ್ನುವುದು ಮಾತ್ರ ಅದಕ್ಕೆ ಗೊತ್ತಿರುವುದಿಲ್ಲ.

ಹೇಗೆ ಗೊತ್ತಿರುತ್ತದೆ? ನಮ್ಮ ತಾರಸಿ ಎಷ್ಟು ಅಗಲ, ಸಂಪು ಎಷ್ಟು ಆಳ, ಮಾರ್ಚ್‌ನಲ್ಲಿ ಎಷ್ಟು ಟ್ಯಾಂಕರ್ ಬಂತು ಅನ್ನುವುದು ಇಂಟರ್ನೆಟ್‌ನಲ್ಲಿ ಎಲ್ಲೂ ಇಲ್ಲ. ವಾಚ್‌ಮನ್ ಬರೆದಿಡುವ ನೋಟ್‌ಬುಕ್‌ನಲ್ಲಿದೆ. ಆದ್ದರಿಂದ ಕರಡನ್ನು ಮತ್ತೆ ಟೂಲ್‌ಗೇ ಹಾಕಿ ಇನ್ನಷ್ಟು ಉದಾಹರಣೆ, ಅಂಕಿ ತುಂಬಿಸಿಕೊಳ್ಳುವುದು ಅಪಾಯದ ದಾರಿ. ಗೊತ್ತಿಲ್ಲದ ಕಡೆ ಅದು ನಂಬುವ ಹಾಗೆ ಒಂದು ಸಂಖ್ಯೆ ಇಟ್ಟುಬಿಡುತ್ತದೆ. ಜೊಳ್ಳು ಮಾತು ಬೇಸರ ತರುತ್ತದೆ ಅಷ್ಟೆ. ಕಟ್ಟಿದ ಸಂಖ್ಯೆಯನ್ನು ಜನ ನಂಬಿ ದುಡ್ಡು ಹಾಕುತ್ತಾರೆ.

ಕರಡಿನಲ್ಲಿದ್ದ ಅಂಕಿಗಳು

ಮೂಲ ಕರಡಿನಲ್ಲೂ ಕೆಲವು ಅಂಕಿ ಇದ್ದವು. ಅವುಗಳಲ್ಲಿ ಒಂದು, "ಅಧ್ಯಯನಗಳ ಪ್ರಕಾರ ನೀರಿನ ವೆಚ್ಚದಲ್ಲಿ 40ರಿಂದ 60 ಶೇಕಡಾ ಉಳಿತಾಯ". ಯಾವ ಅಧ್ಯಯನ, ಯಾವ ಊರು, ಒಂಟಿ ಮನೆಯಾ ಅಪಾರ್ಟ್‌ಮೆಂಟಾ, ಏನೂ ಇಲ್ಲ. ಹುಡುಕಿದರೂ ಮೂಲ ಸಿಗಲಿಲ್ಲ. ತೆಗೆದು ಹಾಕಿದೆ.

ಇನ್ನೊಂದು ಹೆಚ್ಚು ಮೋಸ ಮಾಡುವಂಥದ್ದು, ಏಕೆಂದರೆ ಅದಕ್ಕೆ ನಿಜವಾಗಿಯೂ ಮೂಲ ಇದೆ. ಬೆಂಗಳೂರು ಸೇರಿ ದೇಶದ 21 ನಗರಗಳಲ್ಲಿ 2020ರ ಹೊತ್ತಿಗೆ ಅಂತರ್ಜಲ ಬರಿದಾಗುತ್ತದೆ ಅನ್ನುವ ಮಾತು. 2018ರಲ್ಲಿ ನೀತಿ ಆಯೋಗ ಹೊರತಂದ ನೀರಿನ ನಿರ್ವಹಣೆಯ ವರದಿಯಲ್ಲಿ ಇದು ಇತ್ತು, ಪತ್ರಿಕೆಗಳಲ್ಲೆಲ್ಲ ಬಂತು. ಆದರೆ 2020 ಬಂದು ಹೋಗಿ ಎಷ್ಟು ವರ್ಷವಾಯಿತು? ನಮ್ಮದೇ ಬೋರ್‌ವೆಲ್ ಕಡಿಮೆಯಾದರೂ ಇನ್ನೂ ನೀರು ಕೊಡುತ್ತಿದೆ. ಆ ಸ್ಲೈಡ್ ತೋರಿಸಿದ್ದರೆ ಯಾರಾದರೂ ಒಬ್ಬರು "ಸಾರ್, ನಮ್ಮ ಬೋರ್ ನಡೀತಾ ಇದೆಯಲ್ಲ" ಅಂದುಬಿಟ್ಟರೆ ಮುಗಿಯಿತು, ಉಳಿದ ಸ್ಲೈಡ್‌ಗಳ ಮೇಲೂ ನಂಬಿಕೆ ಹೋಗುತ್ತದೆ. ಹಾಗಾಗಿ ಅಂಕಿ ಕಂಡಾಗ ಮೂಲದ ಜೊತೆ ವರ್ಷವನ್ನೂ ನೋಡಬೇಕು. ಮುಂದೆ ಆಗುವುದರ ಬಗ್ಗೆ ಹೇಳಿದ ಮಾತಾದರೆ ಆ ದಿನ ದಾಟಿತಾ ಅಂತ ಮೊದಲು ನೋಡಬೇಕು.

ನಮ್ಮ ಅಂಕಿ ತಂದಿದ್ದು

ಹೊಡೆದು ಹಾಕಿದ ಜಾಗದಲ್ಲಿ ಹೊಸ ವಾಕ್ಯ ಬರೆಯಲಿಲ್ಲ. ಪ್ರಶ್ನೆ ಬರೆದೆ. "ನೀರಿನ ಕೊರತೆ ನಿವಾರಿಸುತ್ತದೆ" ಅನ್ನುವ ಕಡೆ "ವರ್ಷಕ್ಕೆ ಎಷ್ಟು ಲೀಟರ್? ನಮ್ಮ ಬಳಕೆಯಲ್ಲಿ ಅದು ಎಷ್ಟು ಪಾಲು?" "ವೆಚ್ಚ ಕಡಿಮೆ ಮಾಡುತ್ತದೆ" ಅನ್ನುವ ಕಡೆ "ಎಷ್ಟು ಟ್ಯಾಂಕರ್ ತಪ್ಪುತ್ತದೆ? ಹಾಕಿದ ದುಡ್ಡು ಯಾವಾಗ ವಾಪಸ್?" ಆಮೇಲೆ ಒಂದೊಂದಕ್ಕೂ ಉತ್ತರ ಹುಡುಕಿಕೊಂಡು ಹೊರಟೆ.

ಮಳೆನೀರಿನ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಎಲ್ಲವೂ ಸಂಪಿಗೆ ಬರುವುದಿಲ್ಲ. ಸ್ವಲ್ಪ ತಾರಸಿಯೇ ಹೀರುತ್ತದೆ, ಸ್ವಲ್ಪ ಆರುತ್ತದೆ, ಮಳೆ ಶುರುವಾದಾಗಿನ ಮೊದಲ ನೀರನ್ನು ಧೂಳು ಇರುವುದರಿಂದ ಹೊರಗೆ ಬಿಡಬೇಕು. ಕಾಂಕ್ರೀಟ್ ತಾರಸಿಯಾದರೆ ನೂರಕ್ಕೆ 80 ಸಿಗುತ್ತದೆ ಅಂತ ಇಟ್ಟುಕೊಳ್ಳುವುದು ವಾಡಿಕೆ.

ತಾರಸಿಯ ಅಳತೆಯಲ್ಲಿ ನಾನು ಒಮ್ಮೆ ಎಡವಿದೆ. ಕಟ್ಟಡದ ಕಾಗದದಲ್ಲಿ 34,400 ಚದರ ಅಡಿ ಅಂತ ಇತ್ತು. ಅದನ್ನೇ ಹಾಕಿ ಲೆಕ್ಕ ಮಾಡಿದಾಗ ವರ್ಷಕ್ಕೆ ಸುಮಾರು 25 ಲಕ್ಷ ಲೀಟರ್ ಬಂತು. ಕೇಳಲು ಖುಷಿಯಾಗುವ ಸಂಖ್ಯೆ. ಆದರೆ ಸಂಪಿನ ಮೀಟರ್ ಪ್ರಕಾರ ನಾವು ದಿನಕ್ಕೆ ಸುಮಾರು 22,000 ಲೀಟರ್ ಬಳಸುತ್ತೇವೆ. 25 ಲಕ್ಷ ಅಂದರೆ ಹತ್ತಿರ ಹತ್ತಿರ ನಾಲ್ಕು ತಿಂಗಳ ನೀರು! ಅಷ್ಟು ನೀರು ನಮ್ಮ ತಾರಸಿ ಮೇಲೆ ಬೀಳುತ್ತಿದೆ ಅಂತ ನಂಬಲು ಮನಸ್ಸು ಬರಲಿಲ್ಲ. ಮತ್ತೆ ಕಾಗದ ತೆಗೆದು ನೋಡಿದರೆ, ಅದು ನಾಲ್ಕು ಮಹಡಿಗಳ ಒಟ್ಟು ಬಿಲ್ಟ್‌ಅಪ್ ಏರಿಯಾ. ಮಳೆ ಬೀಳುವುದು ಮೇಲಿನ ಒಂದರ ಮೇಲೆ ಮಾತ್ರ. ಭಾನುವಾರ ಬೆಳಗ್ಗೆ ಮಗನನ್ನು ಕರೆದುಕೊಂಡು ಟೇಪ್ ಹಿಡಿದು ಅಳೆದೆ. 8,600 ಚದರ ಅಡಿ, ಅಂದರೆ 800 ಚದರ ಮೀಟರ್. ಆದ್ದರಿಂದ ಯಾವ ಅಂಕಿ ಬಂದರೂ ನಿಮಗೆ ದಿನಾ ಗೊತ್ತಿರುವ ಒಂದು ಅಂಕಿಯ ಪಕ್ಕ ಇಟ್ಟು ನೋಡಿ. ತಪ್ಪು ಎಷ್ಟೋ ಸಲ ಅಲ್ಲೇ ಸಿಕ್ಕಿಬೀಳುತ್ತದೆ.

ಸರಿಯಾದ ಲೆಕ್ಕ ಹೀಗಾಯಿತು:

```
800 × 970 × 0.8 = 6,20,800
```

ವರ್ಷಕ್ಕೆ 6.2 ಲಕ್ಷ ಲೀಟರ್. ಸ್ಲೈಡ್ ಮೇಲೆ "ಸುಮಾರು 6.2 ಲಕ್ಷ" ಅಂತಲೇ ಬರೆದೆ, 6,20,800 ಅಂತ ಬರೆಯಲಿಲ್ಲ. ಮಳೆ ಸರಾಸರಿಯದ್ದು, 0.8 ವಾಡಿಕೆಯದ್ದು. ಅಂದಾಜು ಸೇರಿಸಿ ಬಂದ ಉತ್ತರಕ್ಕೆ ಕೊನೆಯ ನೂರರವರೆಗೂ ನಿಖರತೆ ತೋರಿಸಿದರೆ ಅದೂ ಒಂದು ಬಗೆಯ ಸುಳ್ಳೇ.

ನಮ್ಮ ವರ್ಷದ ಬಳಕೆ ಸುಮಾರು 80 ಲಕ್ಷ ಲೀಟರ್. ಅಂದರೆ ಮಳೆನೀರು ಕೊಡುವುದು ನೂರಕ್ಕೆ ಎಂಟು ಪಾಲು ಕೂಡ ಇಲ್ಲ. 28 ದಿನದ ನೀರು.

ಇಲ್ಲಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. "ನೀರಿನ ಕೊರತೆಯನ್ನು ನಿವಾರಿಸುತ್ತದೆ" ಅನ್ನುವ ಸಾಲಿಗೆ ಅಂಕಿ ಸೇರಿಸೋಣ ಅಂತ ಹೊರಟಿದ್ದೆ. ಅಂಕಿ ಬಂದ ಮೇಲೆ ಆ ಸಾಲೇ ನಿಲ್ಲಲಿಲ್ಲ. ಕರಡು ತಿದ್ದುವ ಕೆಲಸವನ್ನು ಹೆಚ್ಚಿನವರು ಅಲಂಕಾರ ಅಂದುಕೊಳ್ಳುತ್ತಾರೆ. ವಾಕ್ಯ ಹಾಗೇ ಇರಲಿ, ನಡುವೆ ಒಂದು ಸಂಖ್ಯೆ ತುರುಕೋಣ ಅನ್ನುವ ಲೆಕ್ಕ. ನಿಜವಾದ ಅಂಕಿ ಬಂದರೆ ವಾಕ್ಯ ಬದಲಾಗುತ್ತದೆ, ಕೆಲವೊಮ್ಮೆ ಇಡೀ ಪಿಪಿಟಿ ಹೇಳಬೇಕಾದ ಮಾತೇ ಬದಲಾಗುತ್ತದೆ.

ಇನ್ನೊಂದು ಸಂಗತಿಯೂ ಗೊತ್ತಾಯಿತು. ವಾಚ್‌ಮನ್ ನೋಟ್‌ಬುಕ್ ಪ್ರಕಾರ ಕಳೆದ ವರ್ಷ ನಾವು ತರಿಸಿದ್ದು 12,000 ಲೀಟರಿನ 310 ಟ್ಯಾಂಕರ್. ಅದರಲ್ಲಿ 190 ಬಂದಿದ್ದು ಮಾರ್ಚ್‌ನಿಂದ ಮೇ ಒಳಗೆ. ಆದರೆ ಬೆಂಗಳೂರಿನಲ್ಲಿ ವರ್ಷದ ಮಳೆಯ ಮುಕ್ಕಾಲು ಪಾಲು ಜೂನ್‌ನಿಂದ ನವೆಂಬರ್‌ವರೆಗೆ ಬರುತ್ತದೆ, ಎಲ್ಲಕ್ಕಿಂತ ಜಾಸ್ತಿ ಸೆಪ್ಟೆಂಬರ್‌ನಲ್ಲಿ. ನೀರು ಬೇಕಾದಾಗ ಮಳೆ ಕಡಿಮೆ, ಮಳೆ ಇದ್ದಾಗ ಟ್ಯಾಂಕರ್ ಕಡಿಮೆ. ಸೆಪ್ಟೆಂಬರಿನ ನೀರನ್ನು ಮಾರ್ಚ್‌ವರೆಗೆ ಇಡುವಷ್ಟು ದೊಡ್ಡ ಸಂಪು ನಮ್ಮಲ್ಲಿಲ್ಲ. ಹಾಗಾಗಿ ಮಳೆನೀರಿನಿಂದ ತಪ್ಪುವುದು ಜೂನ್–ನವೆಂಬರ್ ಟ್ಯಾಂಕರ್ ಮಾತ್ರ ಅಂತ ಲೆಕ್ಕ ಹಿಡಿದೆ. ಆ ಆರು ತಿಂಗಳಲ್ಲಿ 58 ಟ್ಯಾಂಕರ್ ಬಂದಿತ್ತು. 6.2 ಲಕ್ಷದ ಮುಕ್ಕಾಲು ಪಾಲು ಅಂದರೆ 38 ಟ್ಯಾಂಕರಿನಷ್ಟು ನೀರು. ಜೋರು ಮಳೆಯಲ್ಲಿ ಸಂಪು ತುಂಬಿ ಉಕ್ಕಿದ್ದು ಇಂಗುಬಾವಿಗೆ ಹೋಗುತ್ತದೆ, ಅದನ್ನು ಕಳೆದು 30ರಿಂದ 38 ಅಂತ ಇಟ್ಟೆ.

ದುಡ್ಡಿಗೆ ನಮ್ಮದೇ ಬಿಲ್ ನೋಡಿದೆ, ಸರಾಸರಿ ಟ್ಯಾಂಕರಿಗೆ 1,200 ರೂಪಾಯಿ. ಪಕ್ಕದಲ್ಲಿ ಹೋಲಿಸಲು ಒಂದು ಅಧಿಕೃತ ದರವನ್ನೂ ಇಟ್ಟೆ. 2024ರ ಮಾರ್ಚ್‌ನಲ್ಲಿ ನೀರಿನ ಬಿಕ್ಕಟ್ಟು ಬಂದಾಗ ಬೆಂಗಳೂರು ನಗರ ಜಿಲ್ಲಾಡಳಿತ 12,000 ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗೆ 1,000, 10 ಕಿ.ಮೀ.ವರೆಗೆ 1,200 ರೂಪಾಯಿ ಅಂತ ನಿಗದಿ ಮಾಡಿತ್ತು. ನಮ್ಮ ಅಂಕಿ ಅದಕ್ಕೆ ಹೊಂದುತ್ತದೆ. ಉಳಿತಾಯ ವರ್ಷಕ್ಕೆ 36,000ದಿಂದ 46,000. ಪೈಪ್ ಜೋಡಿಸಿ, ಫಿಲ್ಟರ್ ಹಾಕಿ, ಒಂದು ಇಂಗುಬಾವಿ ತೋಡಲು ಗುತ್ತಿಗೆದಾರರು ಕೊಟ್ಟ ಕೊಟೇಶನ್ 1,80,000. ಮನೆಗೆ 3,750. ದುಡ್ಡು ವಾಪಸ್ ಬರಲು ನಾಲ್ಕರಿಂದ ಐದು ವರ್ಷ. ಕರಡಿನಲ್ಲಿ "ಅಲ್ಪಾವಧಿಯಲ್ಲಿ" ಅಂತ ಇತ್ತು.

ಸ್ಲೈಡಿಗೆ ಇಳಿಸಿದ್ದು

ಅಂಕಿ ಕೈಗೆ ಬಂದ ಮೇಲೆ ಬರೆಯುವುದು ಬೇಗ ಆಯಿತು. ಮುಖ್ಯವಾಗಿ ತಲೆಬರಹಗಳನ್ನು ಬದಲಿಸಿದೆ. ಕರಡಿನ ತಲೆಬರಹಗಳು ಡಬ್ಬಿ ಮೇಲಿನ ಚೀಟಿಯ ಹಾಗೆ ಇದ್ದವು: ಪೀಠಿಕೆ, ಪ್ರಯೋಜನಗಳು, ಸವಾಲುಗಳು, ಮುಂದಿನ ದಾರಿ. ಒಳಗೆ ಏನಿದೆ ಅಂತ ಚೀಟಿ ಹೇಳುವುದಿಲ್ಲ. ನಾನು ತಲೆಬರಹದಲ್ಲೇ ಪೂರ್ತಿ ಮಾತು ಹೇಳಿದೆ, ಬರೀ ಅದನ್ನೇ ಓದಿದವರಿಗೂ ವಿಷಯ ತಿಳಿಯುವ ಹಾಗೆ.

ಮೂರನೇ ಸ್ಲೈಡ್ ಕೊನೆಗೆ ಹೀಗಾಯಿತು:

20 ಮಿ.ಮೀ. ಮಳೆ ಬಂದರೆ ನಮ್ಮ ತಾರಸಿಯಿಂದ ಒಂದು ಟ್ಯಾಂಕರ್ ನೀರು
– ವರ್ಷಕ್ಕೆ ಸುಮಾರು 6.2 ಲಕ್ಷ ಲೀಟರ್, ನಮ್ಮ 28 ದಿನದ ಬಳಕೆ
– ಜೂನ್–ನವೆಂಬರ್‌ನಲ್ಲಿ 30ರಿಂದ 38 ಟ್ಯಾಂಕರ್ ಕಡಿಮೆ
– ಮಾರ್ಚ್–ಮೇ ಟ್ಯಾಂಕರ್ ಇದರಿಂದ ನಿಲ್ಲುವುದಿಲ್ಲ

800 ಚದರ ಮೀಟರಿಗೆ 20 ಮಿ.ಮೀ. ಅಂದರೆ 16,000 ಲೀಟರ್, ಅದರಲ್ಲಿ ನೂರಕ್ಕೆ 80 ಅಂದರೆ 12,800. ಟ್ಯಾಂಕರ್ 12,000 ಲೀಟರಿನದ್ದು. ಲಕ್ಷ ಲೀಟರ್ ಅಂದರೆ ಯಾರ ಕಣ್ಣಿಗೂ ಕಟ್ಟುವುದಿಲ್ಲ, ಗೇಟಿನ ಮುಂದೆ ನಿಲ್ಲುವ ಟ್ಯಾಂಕರ್ ಎಲ್ಲರಿಗೂ ಗೊತ್ತು. ಕೇಳುವವರು ದಿನಾ ನೋಡುವ ಅಳತೆಯಲ್ಲೇ ಅಂಕಿ ಹೇಳಬೇಕು. ಅಂದಹಾಗೆ, ಕರಡಿನಲ್ಲಿ ಒಂದು ಕಡೆ ನೀರಿನ ಲೆಕ್ಕ ಗ್ಯಾಲನ್‌ನಲ್ಲಿತ್ತು. ಅಂಥದ್ದು ಕಂಡರೆ ಆ ಸಾಲು ಬೇರೆ ಯಾವುದೋ ದೇಶದ ಬರಹದಿಂದ ಬಂದಿದೆ ಅಂತ ತಿಳಿದುಕೊಳ್ಳಿ. ಪೂರ್ತಿ ತೆಗೆಯುವುದೇ ಲೇಸು.

ಮೂರನೇ ಸಾಲನ್ನು ಇಡುವುದು ಬೇಡ ಅಂತ ಕಮಿಟಿಯಲ್ಲಿ ಒಬ್ಬರು ಹೇಳಿದರು. "ನಾವೇ ಯಾಕೆ ನಮ್ಮ ಪ್ಲಾನ್‌ನ ಕೊರತೆ ಹೇಳೋದು?" ಅಂದರು. ಇಟ್ಟೆ. ಅದನ್ನು ನಾವು ಹೇಳದಿದ್ದರೆ ಮುಂದಿನ ಏಪ್ರಿಲ್‌ನಲ್ಲಿ ಟ್ಯಾಂಕರ್ ಬಂದಾಗ 48 ಮನೆಯವರು ಹೇಳುತ್ತಾರೆ.

"ಸರ್ಕಾರದ ನಿಯಮ ಪಾಲನೆಗೆ ಸಹಕಾರಿ" ಅನ್ನುವ ಕರಡಿನ ಸಾಲನ್ನೂ ತೆಗೆದೆ. ಅದರ ಬದಲು: "2009ರ ಜಲಮಂಡಳಿ ಕಾಯ್ದೆ ತಿದ್ದುಪಡಿಯ ಪ್ರಕಾರ 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದಲ್ಲಿರುವ ಹಳೆ ಕಟ್ಟಡಕ್ಕೂ ಮಳೆನೀರು ಕೊಯ್ಲು ಕಡ್ಡಾಯ. ಇಲ್ಲದಿದ್ದರೆ ನೀರಿನ ಬಿಲ್ ಮೇಲೆ ದಂಡ." 40×60 ಸೈಟು ಅಂದರೆ ಸಭೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ನಮ್ಮದು ಅದಕ್ಕಿಂತ ಎಷ್ಟೋ ದೊಡ್ಡದು. ಜೊತೆಗೆ ದಂಡದ ಸಾಲು ಇರುವ ನಮ್ಮ ಬಿಲ್ಲಿನ ಫೋಟೋ ಹಾಕಿದೆ.

ಚಿತ್ರಗಳನ್ನೂ ಬದಲಿಸಿದೆ. ಅಂಗೈಯಲ್ಲಿ ನೀರಿನ ಹನಿ ಹಿಡಿದ ಚಿತ್ರ ತೆಗೆದು, ನಮ್ಮ ಹಿಂಬದಿಯ ಪೈಪ್ ನೇರವಾಗಿ ಚರಂಡಿಗೆ ಬಾಯಿ ತೆರೆದಿರುವ ಫೋಟೋ ಹಾಕಿದೆ. ಮೊಬೈಲಿನಲ್ಲಿ ತೆಗೆದಿದ್ದು, ಸ್ವಲ್ಪ ಮಸುಕು. ಆದರೂ ಸಭೆಯಲ್ಲಿ ಜನ ಮೊದಲು ಕೈ ತೋರಿಸಿ ಮಾತಾಡಿದ್ದು ಅದರ ಬಗ್ಗೆಯೇ.

ನಿರ್ವಹಣೆಯ ಸ್ಲೈಡಿನಲ್ಲಿ "ನಿಯಮಿತ ನಿರ್ವಹಣೆ ಅಗತ್ಯ" ಅಂತಿತ್ತು. ಯಾರು, ಯಾವಾಗ ಅನ್ನುವುದನ್ನು ಸೇರಿಸಿದೆ. ಮೇ ಕೊನೆಯ ವಾರ ತಾರಸಿ ಮತ್ತು ಫಿಲ್ಟರ್ ತೊಳೆಯುವುದು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೆಗೆದು ನೋಡುವುದು, ಕೆಲಸ ವಾಚ್‌ಮನ್‌ದು, ನೋಡಿಕೊಳ್ಳುವುದು ಕಮಿಟಿಯ ಒಬ್ಬರು. ಸವಾಲುಗಳು, ಉಪಸಂಹಾರ, ಧನ್ಯವಾದದ ಸ್ಲೈಡ್ ಎಲ್ಲ ಹೋದವು. ಐದು ಉಳಿದವು: ಟ್ಯಾಂಕರ್ ಲೆಕ್ಕ, ನಿಯಮ ಮತ್ತು ದಂಡ, ತಾರಸಿಯ ನೀರು, ಖರ್ಚು, ನಿರ್ವಹಣೆ. ಕರಡಿನಲ್ಲಿ ಪ್ರತಿ ಸ್ಲೈಡಿಗೂ ನಾಲ್ಕೇ ಅಂಶ, ಎಲ್ಲದಕ್ಕೂ ಒಂದೇ ಉದ್ದ. ಖಾಲಿ ಜಾಗ ಇದೆ ಅಂತ ತುಂಬಿಸಿದ್ದು. ಈಗ ಖರ್ಚಿನ ಸ್ಲೈಡಿನಲ್ಲಿ ಒಂದೇ ಸಾಲು ದೊಡ್ಡದಾಗಿದೆ, ಮನೆಗೆ 3,750. ಕೆಳಗೆ ಕೊಟೇಶನ್‌ನ ವಿವರ ಚಿಕ್ಕದಾಗಿ.

ಪ್ರತಿ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಎಲ್ಲಿಂದ ಬಂತು ಅಂತ ಬರೆದೆ: "ವಾಚ್‌ಮನ್ ನೋಟ್‌ಬುಕ್", "ಟೇಪ್ ಅಳತೆ", "ಗುತ್ತಿಗೆದಾರರ ಕೊಟೇಶನ್". 0.8 ಅನ್ನುವುದಕ್ಕೆ ಮಾತ್ರ "ಅಂದಾಜು" ಅಂತ ಬರೆದೆ. ಸಭೆಯಲ್ಲಿ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಕೇಳಿದ್ದು ಅದನ್ನೇ. "ಎಲ್ಲ ಅಳೆದಿದ್ದೀರಿ, ಇದೊಂದು ಯಾಕೆ ಅಂದಾಜು?" ಇನ್ನೂ ಪೈಪೇ ಜೋಡಿಸಿಲ್ಲ ಮೇಷ್ಟ್ರೇ, ಜೋಡಿಸಿದ ಮೇಲೇ ಅಳೆಯಲು ಆಗುವುದು ಅಂದೆ. ಹಾಗಾದರೆ ಫಿಲ್ಟರ್‌ನಿಂದ ಸಂಪಿಗೆ ಬರುವ ಪೈಪಿಗೆ ಒಂದು ನೀರಿನ ಮೀಟರ್ ಕೂರಿಸಿ ಅಂದರು ಅವರು. ಒಪ್ಪಿಗೆ ಸಿಕ್ಕಿತು, ಮೀಟರ್ ಕೂಡ ಕೊಟೇಶನ್‌ಗೆ ಸೇರಿತು. ಮುಂದಿನ ವರ್ಷದ ಸಭೆಗೆ ಆ "ಅಂದಾಜು" ಪದ ಇರುವ ಜಾಗದಲ್ಲಿ ಮೀಟರ್ ಓದಿದ ಅಂಕಿ ಬರುತ್ತದೆ.